ಪಿಎಚ್.ಡಿ. ಅರ್ಜಿಯ ಎರಡು ಕಾಲಂಗಳು: ಪ್ರಸ್ತಾವನೆಯ ಫೈಲು ಮತ್ತು ಪ್ರಕಟಣೆಗಳ ಪಟ್ಟಿ

ಪಿಎಚ್.ಡಿ. ಪ್ರವೇಶದ ಆನ್‌ಲೈನ್ ಅರ್ಜಿಯಲ್ಲಿ ಹೆಸರು, ವಿಳಾಸ, ಅಂಕಪಟ್ಟಿಗಳನ್ನು ಸಾಮಾನ್ಯವಾಗಿ ಕಚೇರಿಯ ಸಿಬ್ಬಂದಿ ಪರಿಶೀಲಿಸುತ್ತಾರೆ. ಸಂಶೋಧನಾ ಪ್ರಸ್ತಾವನೆ ಮತ್ತು ಪ್ರಕಟಣೆಗಳ ಪಟ್ಟಿ ಮಾತ್ರ ಆಯ್ಕೆ ಸಮಿತಿಯ ಸದಸ್ಯರ ಹಾಗೂ ಮುಂದೆ ಮಾರ್ಗದರ್ಶಕರಾಗಬಹುದಾದವರ ಕೈಗೆ ಹೋಗುತ್ತವೆ. ಅವರು ಇವೆರಡನ್ನೂ ಒಂದರ ಹಿಂದೆ ಒಂದು ತೆರೆದು ನೋಡುತ್ತಾರೆ. ಮುಂದೆ ಏನು ಮಾಡುತ್ತೇನೆ ಎಂಬುದು ಪ್ರಸ್ತಾವನೆಯಲ್ಲಿರುತ್ತದೆ, ಇದುವರೆಗೆ ಏನು ಮಾಡಿದ್ದೇನೆ ಎಂಬುದು ಪಟ್ಟಿಯಲ್ಲಿರುತ್ತದೆ. ಮೊದಲನೆಯದನ್ನು ನಂಬುವುದೋ ಬಿಡುವುದೋ ಎಂದು ತೀರ್ಮಾನಿಸಲು ಎರಡನೆಯದು ನೆರವಾಗುತ್ತದೆ. ಪ್ರಕಟಣೆಗಳು ಕಡಿಮೆ ಇದ್ದರೆ ಅರ್ಜಿಗೆ ಆಗುವ ನಷ್ಟ ಅಷ್ಟಕ್ಕಷ್ಟೇ. ಪ್ರಸ್ತಾವನೆ ಒಂದು ಹೇಳಿ ಪಟ್ಟಿ ಇನ್ನೊಂದು ಹೇಳಿದರೆ ಆಗುವ ನಷ್ಟ ದೊಡ್ಡದು. ಹಾಗಿದ್ದೂ ಹೆಚ್ಚಿನವರು ತಿಂಗಳುಗಟ್ಟಲೆ ಪ್ರಸ್ತಾವನೆ ತಿದ್ದಿ, ಪಟ್ಟಿಯನ್ನು ಕೊನೆಯ ದಿನದ ಕೊನೆಯ ಗಂಟೆಯಲ್ಲಿ ತುಂಬುತ್ತಾರೆ.

ಮೊದಲು ಫೈಲಿನ ವಿಷಯ. ಪಿಡಿಎಫ್ ಮಾತ್ರ, ಇಷ್ಟು ಪುಟ, ಇಷ್ಟು ಎಂಬಿ ಎಂದು ಅರ್ಜಿಯಲ್ಲಿ ಬರೆದಿರುತ್ತದೆ. ಮಿತಿ ಎಷ್ಟು ಎಂಬುದು ಒಂದೊಂದು ಕಡೆ ಒಂದೊಂದು ಥರ. 2 ಎಂಬಿ ಎಂದಿಟ್ಟುಕೊಳ್ಳೋಣ. ಐದು ಪುಟಗಳ ಬರಹಕ್ಕೆ ಇದು ಧಾರಾಳವಾಗಿ ಸಾಕು, ಏಕೆಂದರೆ ಬರೀ ಅಕ್ಷರಗಳಿರುವ ಐದು ಪುಟಗಳ ಪಿಡಿಎಫ್ ಕೆಲವು ನೂರು ಕೆಬಿಯಲ್ಲಿ ಮುಗಿಯುತ್ತದೆ. ಆದರೂ ಫೈಲು 9 ಎಂಬಿ ಆಗಿ ಕುಳಿತಿದ್ದರೆ ತಪ್ಪು ಬಹುತೇಕ ಚಿತ್ರಗಳದ್ದು.

ಅಗಲದಲ್ಲಿ 4000, ಎತ್ತರದಲ್ಲಿ 3000 ಪಿಕ್ಸೆಲ್ ಇರುವ ಫೋಟೋ ಒಂದನ್ನು ಕ್ಯಾಮೆರಾದಿಂದ ತೆಗೆದು ಹಾಗೆಯೇ ಪುಟಕ್ಕೆ ಸೇರಿಸಿದ್ದೀರಿ ಎನ್ನಿ. ಪುಟದಲ್ಲಿ ಅದು 16 ಸೆಂಟಿಮೀಟರ್ ಅಗಲಕ್ಕೆ ಕಾಣುತ್ತದೆ, ಅಂದರೆ ಸುಮಾರು 6.3 ಇಂಚು. ಇಂಚಿಗೆ 635 ಪಿಕ್ಸೆಲ್‌ನಷ್ಟು ಆಯಿತು. ಪರದೆಯ ಮೇಲೆ ಓದಲು, ಸಾಧಾರಣ ಪ್ರಿಂಟ್ ತೆಗೆಯಲು ಇಂಚಿಗೆ 150 ಸಾಕು. ಆ ಲೆಕ್ಕದಲ್ಲಿ ಫೋಟೋದ ಅಗಲ 945 ಪಿಕ್ಸೆಲ್ ಇದ್ದರೆ ಮುಗಿಯಿತು. ಅಗಲವೂ ಎತ್ತರವೂ ಕಾಲು ಭಾಗಕ್ಕಿಂತ ತುಸು ಕೆಳಗೆ ಇಳಿಯುವುದರಿಂದ ಒಟ್ಟು ಪಿಕ್ಸೆಲ್‌ಗಳು ಹೆಚ್ಚುಕಡಿಮೆ ಹದಿನೆಂಟನೇ ಒಂದು ಪಾಲಾಗುತ್ತವೆ, ಓದುಗರಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ. ಘೋಸ್ಟ್‌ಸ್ಕ್ರಿಪ್ಟ್ ಎಂಬ ಉಚಿತ ತಂತ್ರಾಂಶ ಇಡೀ ಫೈಲಿಗೆ ಈ ಕೆಲಸವನ್ನು ಒಂದೇ ಆದೇಶದಲ್ಲಿ ಮಾಡುತ್ತದೆ:

```
gs -sDEVICE=pdfwrite -dPDFSETTINGS=/ebook -dNOPAUSE -dBATCH -sOutputFile=new.pdf old.pdf
```

ಇಲ್ಲಿ `/ebook` ಎಂಬುದು ಚಿತ್ರಗಳನ್ನು 150ರ ಆಸುಪಾಸಿಗೆ ಇಳಿಸುವ ಆಯ್ಕೆ. `/screen` ಎಂದು ಕೊಟ್ಟರೆ 72ಕ್ಕೆ ಇಳಿಯುತ್ತದೆ, ಆಗ ನಕ್ಷೆಯ ಮೇಲಿನ ಸಣ್ಣ ಅಕ್ಷರಗಳು ಮಂಜಾಗುತ್ತವೆ. ಗ್ರಾಫ್‌ಗಳಿಗೆ ಇನ್ನೂ ಒಳ್ಳೆಯ ದಾರಿಯಿದೆ. ಅವುಗಳ ಸ್ಕ್ರೀನ್‌ಶಾಟ್ ತೆಗೆದು ಅಂಟಿಸುವ ಬದಲು ಗ್ರಾಫ್ ಮಾಡಿದ ತಂತ್ರಾಂಶದಿಂದಲೇ ವೆಕ್ಟರ್ ರೂಪದಲ್ಲಿ ಪಡೆದು ಸೇರಿಸಬೇಕು. ಗೆರೆಗಳು ಗೆರೆಗಳಾಗಿಯೇ ಉಳಿಯುತ್ತವೆ, ಎಷ್ಟು ಹಿಗ್ಗಿಸಿ ನೋಡಿದರೂ ಒಡೆಯುವುದಿಲ್ಲ, ತೂಕವೂ ಕಡಿಮೆ.

ಗಾತ್ರ ಹೆಚ್ಚಾದರೆ ಅರ್ಜಿ ಅಲ್ಲೇ ತಡೆಯುತ್ತದೆ, ಹಾಗಾಗಿ ಆ ತಪ್ಪು ನಿಮಗೆ ತಕ್ಷಣ ತಿಳಿಯುತ್ತದೆ. ನಿಮಗೆ ತಿಳಿಯದೆ ಓದುವವರಿಗೆ ಮಾತ್ರ ತಿಳಿಯುವ ತಪ್ಪುಗಳು ಬೇರೆ ಇವೆ. ಪ್ರಸ್ತಾವನೆಯನ್ನು ಪ್ರಿಂಟ್ ತೆಗೆದು, ಸಹಿ ಹಾಕಿ, ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ ಏರಿಸಿದರೆ ಅದು ಅಕ್ಷರಗಳ ಚಿತ್ರವಾಗುತ್ತದೆಯೇ ಹೊರತು ಅಕ್ಷರಗಳಾಗಿ ಉಳಿಯುವುದಿಲ್ಲ. ಓದುವವರು ಅದರಲ್ಲಿ ಒಂದು ಪದವನ್ನು ಹುಡುಕಲಾರರು, ಕೊಂಡಿಯನ್ನು ಒತ್ತಲಾರರು, ಹೋಲಿಕೆ ಪತ್ತೆಹಚ್ಚುವ ತಂತ್ರಾಂಶಕ್ಕೂ ಅದು ಸುಲಭದಲ್ಲಿ ದಕ್ಕುವುದಿಲ್ಲ. ಪರೀಕ್ಷೆ ಸರಳ. ಫೈಲನ್ನು ತೆರೆದು ಒಂದು ವಾಕ್ಯವನ್ನು ಆಯ್ದು, ನಕಲಿಸಿ, ನೋಟ್‌ಪ್ಯಾಡ್‌ನಂಥ ಸಾದಾ ಸಂಪಾದಕದಲ್ಲಿ ಅಂಟಿಸಿ ನೋಡಿ. ಅದೇ ವಾಕ್ಯ ಬಂದರೆ ಸರಿ. ಕನ್ನಡದಲ್ಲಿ ಪ್ರಸ್ತಾವನೆ ಬರೆಯುವವರಂತೂ ಈ ಪರೀಕ್ಷೆಯನ್ನು ಬಿಡಲೇಬಾರದು. ಯೂನಿಕೋಡ್ ಅಲ್ಲದ ಹಳೆಯ ಫಾಂಟ್‌ಗಳಲ್ಲಿ ಟೈಪಿಸಿದ ಬರಹ ಕಣ್ಣಿಗೆ ಚೆಂದದ ಕನ್ನಡವಾಗಿ ಕಂಡರೂ, ಅಂಟಿಸಿದಾಗ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಹೊರಬರುತ್ತದೆ.

ಫಾಂಟು ಫೈಲಿನೊಳಗೇ ಸೇರಿದೆಯೇ ಎಂಬುದನ್ನೂ ನೋಡಬೇಕು. ಸೇರದಿದ್ದರೆ ನಿಮ್ಮ ಕಂಪ್ಯೂಟರಿನಲ್ಲಿ ಸರಿಯಾಗಿ ಕಂಡದ್ದು ಇನ್ನೊಬ್ಬರ ಕಂಪ್ಯೂಟರಿನಲ್ಲಿ ಬೇರೆ ಫಾಂಟಿನಲ್ಲಿ ತೆರೆದುಕೊಳ್ಳುತ್ತದೆ. ಸಾಲುಗಳು ಅಡ್ಡಾದಿಡ್ಡಿಯಾಗಬಹುದು, ಗಣಿತದ ಚಿಹ್ನೆಗಳ ಜಾಗದಲ್ಲಿ ಖಾಲಿ ಚೌಕಗಳು ಬರಬಹುದು. ಪಾಪ್ಲರ್ ಎಂಬ ಉಚಿತ ತಂತ್ರಾಂಶದ `pdffonts new.pdf` ಎಂಬ ಆದೇಶ ಕೊಟ್ಟಾಗ ಬರುವ ಪಟ್ಟಿಯಲ್ಲಿ `emb` ಎಂಬ ಕಾಲಂ ಇರುತ್ತದೆ. ಅದರಲ್ಲಿ ಎಲ್ಲ ಸಾಲುಗಳಲ್ಲೂ `yes` ಇರಬೇಕು. ಹಾಗೆಯೇ ಫೈಲಿಗೆ ಪಾಸ್‌ವರ್ಡ್ ಹಾಕಬೇಡಿ. ಎಷ್ಟೋ ಕಡೆ ಅರ್ಜಿ, ಪ್ರಸ್ತಾವನೆ, ಅಂಕಪಟ್ಟಿಗಳನ್ನು ಒಟ್ಟುಗೂಡಿಸಿ ಒಂದೇ ಪಿಡಿಎಫ್ ಮಾಡಿ ಸಮಿತಿಗೆ ಕೊಡುತ್ತಾರೆ, ಬೀಗ ಹಾಕಿದ ಫೈಲು ಆ ಹಂತದಲ್ಲಿ ಹೊರಗುಳಿಯುತ್ತದೆ.

ಇನ್ನೊಂದು ಸಣ್ಣ ವಿಷಯವಿದೆ, ಇದು ಮುಜುಗರದ್ದು. ಪಿಡಿಎಫ್ ಫೈಲಿನ ಗುಣಲಕ್ಷಣಗಳಲ್ಲಿ ಶೀರ್ಷಿಕೆ ಮತ್ತು ಲೇಖಕ ಎಂಬ ಎರಡು ಜಾಗಗಳಿವೆ. ಬ್ರೌಸರಿನಲ್ಲಿ ತೆರೆದಾಗ ಮೇಲಿನ ಟ್ಯಾಬ್‌ನಲ್ಲಿ ಕಾಣುವುದು ಹೆಚ್ಚಾಗಿ ಆ ಶೀರ್ಷಿಕೆಯೇ. ಬೇರೊಂದು ವಿಶ್ವವಿದ್ಯಾಲಯಕ್ಕೆ ಬರೆದ ಪ್ರಸ್ತಾವನೆಯನ್ನೇ ತಿದ್ದಿ ಇಲ್ಲಿಗೆ ಕಳುಹಿಸಿದ್ದರೆ, ಒಳಗೆಲ್ಲ ಹೆಸರು ಬದಲಾಯಿಸಿದ್ದರೂ ಟ್ಯಾಬ್‌ನಲ್ಲಿ ಆ ವಿಶ್ವವಿದ್ಯಾಲಯದ ಹೆಸರೇ ನಗುತ್ತಾ ಕುಳಿತಿರುತ್ತದೆ. ಗೆಳೆಯನಿಂದ ಪಡೆದ ಮಾದರಿಯಲ್ಲಿ ಬರೆದಿದ್ದರೆ ಲೇಖಕನ ಜಾಗದಲ್ಲಿ ಆ ಗೆಳೆಯನ ಹೆಸರಿರುತ್ತದೆ. ಇದನ್ನು ಕೃತಿಚೌರ್ಯ ಎಂದು ಯಾರೂ ನೇರವಾಗಿ ಹೇಳದಿದ್ದರೂ ಓದುವವರ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳುತ್ತದೆ.

ಈಗ ಪಟ್ಟಿಗೆ ಬರೋಣ. ಪ್ರಕಟಣೆಗಳನ್ನು ಒಂದು ಫೈಲಾಗಿ ಕೇಳದೆ ಲೇಖನದ ಹೆಸರು, ಲೇಖಕರು, ಜರ್ನಲ್, ವರ್ಷ, ಸಂಪುಟ, ಪುಟ, ಡಿಒಐ, ಸ್ಥಿತಿ ಎಂದು ತುಂಡು ತುಂಡಾಗಿ ಕೇಳುವುದಕ್ಕೆ ಕಾರಣವಿದೆ. ತುಂಡುಗಳಾಗಿದ್ದರೆ ವಿಂಗಡಿಸಬಹುದು, ಎಣಿಸಬಹುದು, ಎಲ್ಲಕ್ಕಿಂತ ಮುಖ್ಯವಾಗಿ ತಾಳೆ ನೋಡಬಹುದು. ಈ ಕಾಲಂಗಳಲ್ಲಿ ಅರ್ಜಿದಾರರನ್ನು ಹೆಚ್ಚು ಕಾಡುವುದು, ಹೆಚ್ಚು ಸಿಕ್ಕಿಹಾಕಿಸುವುದು ‘ಸ್ಥಿತಿ’ ಎಂಬ ಕಾಲಂ.

ಒಂದು ಲೇಖನ ಕರಡಿನಿಂದ ಹೊರಟು ಮುದ್ರಣಕ್ಕೆ ತಲುಪುವವರೆಗೆ ಹಲವು ಹಂತ ದಾಟುತ್ತದೆ, ಪ್ರತಿ ಹಂತಕ್ಕೂ ಒಂದು ಸಾಕ್ಷಿ ಇರುತ್ತದೆ. ಬರೆಯುತ್ತಿದ್ದೇನೆ ಎಂಬುದಕ್ಕೆ ನಿಮ್ಮ ಮಾತಲ್ಲದೆ ಬೇರೆ ಸಾಕ್ಷಿ ಇಲ್ಲ. ಸಲ್ಲಿಸಿದ್ದೇನೆ ಎಂಬುದಕ್ಕೆ ಜರ್ನಲ್ ಕಳುಹಿಸಿದ ಸ್ವೀಕೃತಿಯ ಇಮೇಲ್ ಮತ್ತು ಹಸ್ತಪ್ರತಿ ಸಂಖ್ಯೆ ಇದೆ. ಪರಿಶೀಲನೆಯಲ್ಲಿದೆ ಎಂದರೆ ಸಂಪಾದಕರು ಅದನ್ನು ಮೊದಲ ಹಂತದಲ್ಲೇ ಹಿಂತಿರುಗಿಸದೆ ತಜ್ಞರಿಗೆ ಕಳುಹಿಸಿದ್ದಾರೆ ಎಂದರ್ಥ, ಇದು ಜರ್ನಲಿನ ಖಾತೆಯಲ್ಲಿ ಕಾಣುತ್ತದೆ. ಅಂಗೀಕೃತ ಎನ್ನಲು ಸಂಪಾದಕರ ಅಂಗೀಕಾರ ಪತ್ರ ಬೇಕು. ಪ್ರಕಟಿತ ಎನ್ನಲು ಯಾರು ಬೇಕಾದರೂ ತೆರೆದು ನೋಡಬಹುದಾದ ಪುಟ ಬೇಕು. ನಿಮ್ಮ ಕೈಯಲ್ಲಿ ಯಾವ ಸಾಕ್ಷಿ ಇದೆಯೋ ಆ ಹಂತವೇ ನಿಮ್ಮದು, ಒಂದು ಮೆಟ್ಟಿಲು ಮೇಲಿನದಲ್ಲ.

ಜಾರುವುದು ಎರಡು ಕಡೆ. ಸಣ್ಣಪುಟ್ಟ ತಿದ್ದುಪಡಿ ಕೇಳಿ ಸಂಪಾದಕರು ಬರೆದರೆ ಬಹಳ ಜನ ಅದನ್ನು ಅಂಗೀಕಾರ ಎಂದೇ ತಿಳಿದುಕೊಳ್ಳುತ್ತಾರೆ. ಅಂಗೀಕಾರವಾಗುವ ಸಂಭವ ಹೆಚ್ಚು ಎಂಬುದು ನಿಜ, ಆದರೆ ತಿದ್ದಿದ ಪ್ರತಿಯನ್ನು ನೋಡಿದ ಮೇಲೂ ಸಂಪಾದಕರು ಬೇಡ ಎನ್ನಬಹುದು. ಆದ್ದರಿಂದ ಅದು ಇನ್ನೂ ಪರಿಶೀಲನೆಯಲ್ಲಿರುವ ಲೇಖನವೇ. ಟಿಪ್ಪಣಿಗೆ ಜಾಗವಿದ್ದರೆ ‘ಸಣ್ಣ ತಿದ್ದುಪಡಿಗಳ ನಂತರ ಮರುಸಲ್ಲಿಸಲಾಗಿದೆ’ ಎಂದು ಬರೆಯಬಹುದು, ಅದು ಪ್ರಾಮಾಣಿಕವೂ ಹೌದು, ಲಾಭದಾಯಕವೂ ಹೌದು.

ಎರಡನೆಯದು ಪ್ರಿಪ್ರಿಂಟ್. ತಜ್ಞರ ಪರಿಶೀಲನೆಗೆ ಮೊದಲೇ ಲೇಖನವನ್ನು ಎಲ್ಲರಿಗೂ ಓದಲು ಸಿಗುವಂತೆ ಇಡುವ ಜಾಲತಾಣಗಳಿವೆ. ಭೌತವಿಜ್ಞಾನದಲ್ಲಿ 1991ರಿಂದ ನಡೆಯುತ್ತಿರುವ ಆರ್‌ಕೈವ್ ಅವುಗಳಲ್ಲಿ ಹೆಸರಾದದ್ದು. ಜೀವವಿಜ್ಞಾನದ ಬಯೋಆರ್‌ಕೈವ್ 2013ರಲ್ಲಿ ಆರಂಭವಾಯಿತು. ಇಲ್ಲಿ ಇಟ್ಟ ಲೇಖನಗಳಿಗೂ ಡಿಒಐ ಸಿಗುತ್ತದೆ. ಗೊಂದಲ ಹುಟ್ಟುವುದು ಅಲ್ಲಿಯೇ. ಡಿಒಐ ಇದೆ, ಆದ್ದರಿಂದ ಪ್ರಕಟವಾಗಿದೆ ಎಂದು ಲೆಕ್ಕ ಹಾಕಿ ಜರ್ನಲ್ ಲೇಖನದ ಸಾಲಿನಲ್ಲಿ ತುಂಬಿಬಿಡುತ್ತಾರೆ. ಡಿಒಐ ಎಂಬುದು ಒಂದು ದಾಖಲೆಗೆ ಕೊಟ್ಟ ಶಾಶ್ವತ ಗುರುತು ಮಾತ್ರ. ಆ ದಾಖಲೆಯನ್ನು ತಜ್ಞರು ಓದಿ ಒಪ್ಪಿದ್ದಾರೆಯೇ ಎಂಬುದರ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ದತ್ತಾಂಶದ ಫೈಲಿಗೂ ಡಿಒಐ ಇರಬಹುದು. ಅರ್ಜಿಯಲ್ಲಿ ಪ್ರಿಪ್ರಿಂಟ್ ಎಂಬ ಆಯ್ಕೆ ಇದ್ದರೆ ಅದನ್ನೇ ಆರಿಸಿ. ಇಲ್ಲದಿದ್ದರೆ ‘ಇತರೆ’ ಎಂಬಲ್ಲಿ ಹಾಕಿ, ಜರ್ನಲಿನ ಹೆಸರಿನ ಜಾಗದಲ್ಲಿ ಪ್ರಿಪ್ರಿಂಟ್ ತಾಣದ ಹೆಸರು ಕೊಡಿ.

ಒಂದು ಉದಾಹರಣೆ ಕಟ್ಟಿ ನೋಡೋಣ. ಅರ್ಜಿದಾರಳೊಬ್ಬಳ ವಿಷಯ ನದಿಯ ತಳದ ಕೆಸರಿನಲ್ಲಿರುವ ಮೈಕ್ರೋಪ್ಲಾಸ್ಟಿಕ್ ಕಣಗಳು. ಪ್ರವಾಹ ಬಂದು ಹೋದ ಮೇಲೆ ಅವು ಅಲ್ಲಿಯೇ ಉಳಿಯುತ್ತವೆಯೋ, ಕೊಚ್ಚಿಹೋಗುತ್ತವೆಯೋ ಎಂಬುದು ಅವಳ ಪ್ರಶ್ನೆ. ಕೈಯಲ್ಲಿರುವುದು ನಾಲ್ಕು. ನಾಲ್ವರು ಲೇಖಕರ ಸಮ್ಮೇಳನ ಪ್ರಬಂಧವೊಂದು ನಡಾವಳಿಯಲ್ಲಿ ಅಚ್ಚಾಗಿದೆ, ಅದರಲ್ಲಿ ಇವಳದು ಎರಡನೆಯ ಹೆಸರು. ವಿಧಾನದ ಬಗ್ಗೆ ಮೊದಲ ಲೇಖಕಿಯಾಗಿ ಬರೆದದ್ದು ಪ್ರಿಪ್ರಿಂಟ್ ಆಗಿದೆ. ಸಮೀಕ್ಷಾ ಲೇಖನವೊಂದು ಸಣ್ಣ ತಿದ್ದುಪಡಿಯ ನಂತರ ಜರ್ನಲಿಗೆ ಮರಳಿ ಹೋಗಿದೆ. ಇನ್ನೊಂದು ಕರಡು ಅರ್ಧಕ್ಕೆ ನಿಂತಿದೆ.

ಮೊದಲ ಸಲ ತುಂಬಿದಾಗ ಅವಳು ಪ್ರಕಟಿತ ಎರಡು, ಅಂಗೀಕೃತ ಒಂದು, ಪರಿಶೀಲನೆಯಲ್ಲಿ ಒಂದು ಎಂದು ಹಾಕುತ್ತಾಳೆ. ಮೂರು ತಮ್ಮ ನಿಜವಾದ ಹಂತಕ್ಕಿಂತ ಮೇಲೇರಿವೆ, ಸಮ್ಮೇಳನ ಪ್ರಬಂಧ ಮಾತ್ರ ತನ್ನ ಜಾಗದಲ್ಲಿದೆ. ಸಮಿತಿಯ ಸದಸ್ಯರು ಡಿಒಐ ಒತ್ತಿದರೆ ಜರ್ನಲ್ ಬದಲು ಪ್ರಿಪ್ರಿಂಟ್ ತಾಣ ತೆರೆಯುತ್ತದೆ. ಅಲ್ಲಿಂದ ಮುಂದೆ ಅವರು ಉಳಿದ ಸಾಲುಗಳನ್ನೂ ಅನುಮಾನದಿಂದಲೇ ಓದುತ್ತಾರೆ. ನಿಜವಾಗಿಯೂ ಅಚ್ಚಾದ ಪ್ರಬಂಧಕ್ಕೂ ಆ ಅನುಮಾನ ತಗಲುತ್ತದೆ.

ಸರಿಪಡಿಸಿದ ಪಟ್ಟಿಯಲ್ಲಿ ಪ್ರಕಟಿತ ಸಮ್ಮೇಳನ ಪ್ರಬಂಧ ಒಂದು, ಪ್ರಿಪ್ರಿಂಟ್ ಒಂದು, ಮರುಸಲ್ಲಿಕೆಯಾಗಿ ಪರಿಶೀಲನೆಯಲ್ಲಿರುವುದು ಒಂದು. ಅರ್ಧ ಕರಡನ್ನು ಅವಳು ಕೈಬಿಟ್ಟಿದ್ದಾಳೆ. ‘ಸಿದ್ಧತೆಯಲ್ಲಿದೆ’ ಎಂಬ ಸಾಲಿಗೆ ತೂಕವಿಲ್ಲ, ಜಾಗ ತಿನ್ನುವುದಷ್ಟೇ ಅದರ ಕೆಲಸ. ಲೇಖಕರ ಕಾಲಂನಲ್ಲಿ ‘ಮತ್ತಿತರರು’ ಎಂದು ಬರೆಯದೆ ನಾಲ್ಕೂ ಹೆಸರುಗಳನ್ನು ಅಚ್ಚಾದ ಕ್ರಮದಲ್ಲೇ ಕೊಟ್ಟಿದ್ದಾಳೆ. ‘ನಿಮ್ಮ ಕೊಡುಗೆ’ ಎಂಬ ಕಾಲಂನಲ್ಲಿ ‘ಸಕ್ರಿಯವಾಗಿ ಭಾಗವಹಿಸಿದ್ದೇನೆ’ ಎಂಬ ಸವಕಲು ವಾಕ್ಯದ ಬದಲು ‘ಕೆಸರಿನ ಮಾದರಿಗಳ ಸಂಗ್ರಹ, ಪ್ರಯೋಗಾಲಯದ ಬೇರ್ಪಡಿಕೆ, ಎರಡನೆಯ ಮತ್ತು ಮೂರನೆಯ ಚಿತ್ರಗಳ ತಯಾರಿ’ ಎಂದಿದೆ. ಕೊಡುಗೆಗಳನ್ನು ಹೆಸರಿಸಲು ಜರ್ನಲುಗಳು ಬಳಸುವ ಕ್ರೆಡಿಟ್ ಎಂಬ ವರ್ಗೀಕರಣದಲ್ಲಿ ಹದಿನಾಲ್ಕು ಪಾತ್ರಗಳಿವೆ: ಪರಿಕಲ್ಪನೆ, ವಿಧಾನ, ತಂತ್ರಾಂಶ, ಮೊದಲ ಕರಡಿನ ಬರವಣಿಗೆ, ಮೇಲ್ವಿಚಾರಣೆ ಇತ್ಯಾದಿ. ಲೇಖನದಲ್ಲಿ ಈಗಾಗಲೇ ಅಂಥ ಹೇಳಿಕೆ ಅಚ್ಚಾಗಿದ್ದರೆ ಅರ್ಜಿಯಲ್ಲಿ ಅದಕ್ಕಿಂತ ಹೆಚ್ಚಿನದನ್ನು ಹೇಳಲು ಹೋಗಬೇಡಿ.

ಈ ಪಟ್ಟಿ ಪ್ರಸ್ತಾವನೆಗೆ ಹೇಗೆ ಆಸರೆಯಾಗುತ್ತದೆ ಎಂಬುದು ಇನ್ನೂ ಸ್ವಾರಸ್ಯದ ವಿಷಯ. ಕೆಸರಿನಿಂದ ಪ್ಲಾಸ್ಟಿಕ್ ಕಣಗಳನ್ನು ಬೇರ್ಪಡಿಸಲು ಸಾಂದ್ರ ಲವಣದ ದ್ರಾವಣದಲ್ಲಿ ಕಲಸುತ್ತಾರೆ. ಖನಿಜ ಮುಳುಗುತ್ತದೆ, ಪ್ಲಾಸ್ಟಿಕ್ ತೇಲುತ್ತದೆ. ಅಡುಗೆ ಉಪ್ಪಿನ ದ್ರಾವಣದ ಸಾಂದ್ರತೆ ಘನ ಸೆಂಟಿಮೀಟರಿಗೆ ಹೆಚ್ಚೆಂದರೆ 1.2 ಗ್ರಾಂ. ನೀರಿನ ಬಾಟಲಿ ಮಾಡುವ ಪಿಇಟಿ ಪ್ಲಾಸ್ಟಿಕ್ಕಿನ ಸಾಂದ್ರತೆ ಸುಮಾರು 1.38. ಅಂದರೆ ಅಗ್ಗದ ಉಪ್ಪು ಬಳಸಿದರೆ ಬಾಟಲಿಯ ಚೂರುಗಳು ತೇಲದೆ ಖನಿಜದ ಜೊತೆಗೇ ತಳ ಸೇರುತ್ತವೆ, ಎಣಿಕೆ ತಪ್ಪುತ್ತದೆ. ಸತು ಕ್ಲೋರೈಡ್ ದ್ರಾವಣವನ್ನು 1.5ಕ್ಕೂ ಮೇಲೆ ಒಯ್ಯಬಹುದು, ಆದರೆ ಅದು ದುಬಾರಿ, ವಿಷಕಾರಿ, ಮರುಬಳಕೆ ಮಾಡಲೇಬೇಕು. ಅವಳ ಪ್ರಿಪ್ರಿಂಟ್ ಇರುವುದು ಈ ಮರುಬಳಕೆಯ ಬಗ್ಗೆಯೇ. ಪ್ರಸ್ತಾವನೆಯ ವಿಧಾನ ಭಾಗದಲ್ಲಿ ‘ಸತು ಕ್ಲೋರೈಡ್ ಬಳಸುತ್ತೇನೆ, ಅದನ್ನು ಶೋಧಿಸಿ ಮತ್ತೆ ಬಳಸುವ ಕ್ರಮವನ್ನು ಪ್ರಕಟಣಾ ಪಟ್ಟಿಯ ಎರಡನೆಯ ಲೇಖನದಲ್ಲಿ ಪರೀಕ್ಷಿಸಿದ್ದೇನೆ’ ಎಂಬ ಒಂದು ವಾಕ್ಯ ಬಂದರೆ, ಇದು ಇವಳಿಂದ ಆಗುವ ಕೆಲಸವೇ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಂತಾಯಿತು. ಅಷ್ಟಕ್ಕೆ ಆ ಲೇಖನ ಜರ್ನಲಿನಲ್ಲಿ ಅಚ್ಚಾಗಿರಲೇಬೇಕೆಂದಿಲ್ಲ. ಪ್ರಸ್ತಾವನೆಯಲ್ಲಿ ‘ನಮ್ಮ ಪ್ರಕಟಿತ ಲೇಖನ’ ಎಂದು, ಪಟ್ಟಿಯಲ್ಲಿ ‘ಪ್ರಿಪ್ರಿಂಟ್’ ಎಂದು ಇರಬಾರದು, ಅಷ್ಟೇ. ಪಟ್ಟಿಯಲ್ಲಿ ಸ್ಥಿತಿ ಬದಲಾಯಿಸಿದಾಗ ಫೈಲಿನ ಒಳಗಿನ ವಾಕ್ಯವನ್ನೂ ಹುಡುಕಿ ಬದಲಾಯಿಸಬೇಕು. ಮರೆತುಹೋಗುವುದು ಇದೇ.

ಪ್ರಿಪ್ರಿಂಟಿನ ಪರಿಚಯ ಭಾಗವನ್ನು ಪ್ರಸ್ತಾವನೆಗೆ ಎತ್ತಿ ಹಾಕುವ ಆಸೆಯೂ ಆಗುತ್ತದೆ. ಹೋಲಿಕೆ ಪತ್ತೆಹಚ್ಚುವ ತಂತ್ರಾಂಶಕ್ಕೆ ಅದು ಬರೆದವಳದ್ದೇ ಎಂಬುದು ಮುಖ್ಯವಲ್ಲ. ಹೊಂದುವ ಸಾಲುಗಳಿಗೆಲ್ಲ ಬಣ್ಣ ಬಳಿದು ಶೇಕಡಾ ಲೆಕ್ಕ ಕೊಡುತ್ತದೆ. ವರದಿಯನ್ನು ಓದುವವರು ಮನುಷ್ಯರೇ ಆದ್ದರಿಂದ ವಿವರಣೆ ಕೊಡಬಹುದು, ಆದರೆ ವಿವರಣೆ ಕೊಡುವ ಅವಕಾಶ ಅರ್ಜಿದಾರರಿಗೆ ಸಿಗುವುದು ಅಪರೂಪ. ಹೊಸದಾಗಿ ಬರೆದು, ಹಳೆಯದನ್ನು ಉಲ್ಲೇಖಿಸುವುದೇ ಕಡಿಮೆ ಶ್ರಮದ ದಾರಿ.

ಉಳಿದ ಕಾಲಂಗಳನ್ನು ಬೇಗ ಮುಗಿಸಬಹುದು. ಡಿಒಐ ಯಾವಾಗಲೂ `10.` ಎಂದು ಆರಂಭವಾಗುತ್ತದೆ. ಲೇಖನದ ಪಿಡಿಎಫ್‌ನಿಂದ ನಕಲಿಸುವಾಗ ವಾಕ್ಯದ ಕೊನೆಯ ಚುಕ್ಕೆಯೂ ಜೊತೆಗೆ ಬಂದರೆ ಕೊಂಡಿ ತೆರೆಯುವುದಿಲ್ಲ. `https://doi.org/` ಎಂಬುದರ ನಂತರ ಅದನ್ನು ಸೇರಿಸಿ ತೆರೆದು ನೋಡಿ, ನಿಮ್ಮ ಲೇಖನವೇ ಬಂದರೆ ಮುಂದಕ್ಕೆ ಹೋಗಿ. ಲೇಖನದ ಹೆಸರನ್ನು ಅಲ್ಲಿ ಕಾಣುವಂತೆಯೇ ನಕಲಿಸಿ, ಅಂದಗೊಳಿಸಬೇಡಿ. ಆನ್‌ಲೈನಿನಲ್ಲಿ ಒಂದು ವರ್ಷದ ಕೊನೆಗೆ ಬಂದು, ಸಂಚಿಕೆಗೆ ಮರುವರ್ಷ ಸೇರಿದ ಲೇಖನಕ್ಕೆ ಎರಡು ವರ್ಷಗಳಿರುತ್ತವೆ. ಸಂಪುಟ, ಸಂಚಿಕೆಗಳನ್ನು ಕೊಡುತ್ತಿದ್ದರೆ ಸಂಚಿಕೆಯ ವರ್ಷವನ್ನೇ ಕೊಡುವುದು ಸರಿ, ಪ್ರಸ್ತಾವನೆಯ ಉಲ್ಲೇಖಗಳಲ್ಲೂ ಅದೇ ವರ್ಷವಿರಲಿ. ಕೆಲವು ಜರ್ನಲುಗಳಲ್ಲಿ ಪುಟಸಂಖ್ಯೆಯೇ ಇರುವುದಿಲ್ಲ, ಲೇಖನ ಸಂಖ್ಯೆ ಇರುತ್ತದೆ. ಅದನ್ನೇ ಪುಟದ ಕಾಲಂನಲ್ಲಿ ಬರೆಯಿರಿ, ಪಿಡಿಎಫ್‌ನ ಪುಟಗಳನ್ನು ಎಣಿಸಿ 1ರಿಂದ 12 ಎಂದು ಬರೆಯಬೇಡಿ.

ಆರ್ಕಿಡ್ ಸಂಖ್ಯೆ ಕೇಳುವ ಅರ್ಜಿಗಳೂ ಇವೆ. ಸಂಶೋಧಕರಿಗೆ 2012ರಿಂದ ಉಚಿತವಾಗಿ ಸಿಗುತ್ತಿರುವ ಹದಿನಾರು ಸ್ಥಾನಗಳ ಗುರುತು ಅದು. ಕೊನೆಯ ಸ್ಥಾನ ಉಳಿದ ಹದಿನೈದರಿಂದ ಲೆಕ್ಕ ಹಾಕಿದ ತಪಾಸಣೆಯ ಅಂಕೆ, ಕೆಲವೊಮ್ಮೆ ಅಲ್ಲಿ `X` ಇರುತ್ತದೆ. ಅದು ಟೈಪಿಂಗ್ ದೋಷ ಅಲ್ಲ. ಅರ್ಜಿಯೇ ಆರ್ಕಿಡ್ ಖಾತೆಯಿಂದ ಪ್ರಕಟಣೆಗಳನ್ನು ಎಳೆದುಕೊಳ್ಳುವ ವ್ಯವಸ್ಥೆ ಇದ್ದರೆ ಅನುಕೂಲ, ಆದರೆ ಒಂದೇ ಲೇಖನದ ಪ್ರಿಪ್ರಿಂಟ್ ಮತ್ತು ಜರ್ನಲ್ ರೂಪಗಳು ಎರಡು ಲೇಖನಗಳಾಗಿ ಬಂದು ಕೂರಬಹುದು. ಜರ್ನಲಿನದನ್ನು ಉಳಿಸಿ ಇನ್ನೊಂದನ್ನು ತೆಗೆಯಿರಿ.

ಪ್ರಕಟಣೆಯೇ ಇಲ್ಲದವರು ಏನು ಮಾಡಬೇಕು? ‘ಇಲ್ಲ’ ಎಂದು ಬರೆಯಬೇಕು. ಸ್ನಾತಕೋತ್ತರ ಪ್ರಬಂಧವಿದ್ದರೆ, ಅದಕ್ಕೆ ಬೇರೆ ಜಾಗವಿದ್ದಲ್ಲಿ ಅಲ್ಲಿ ಕೊಡಬೇಕು. ಪೋಸ್ಟರ್ ಪ್ರದರ್ಶಿಸಿದ್ದನ್ನು ಸಮ್ಮೇಳನ ಪ್ರಬಂಧ ಎಂದು ತುಂಬಬಾರದು. ಕಾಲಂ ಖಾಲಿ ಕಾಣುತ್ತದೆಂದು ಹಣ ಕಟ್ಟಿ ಮೂರೇ ದಿನದಲ್ಲಿ ಲೇಖನ ಅಚ್ಚು ಹಾಕಿಸಿಕೊಳ್ಳುವುದು ಎಲ್ಲಕ್ಕಿಂತ ಕೆಟ್ಟ ಉಪಾಯ. ಹೆಸರು ಗಂಭೀರವಾಗಿದ್ದು, ಪರಿಶೀಲನೆ ಎಂಬುದೇ ಇಲ್ಲದ ಜರ್ನಲುಗಳನ್ನು ಆ ಕ್ಷೇತ್ರದಲ್ಲಿರುವವರು ಬೇಗ ಗುರುತಿಸುತ್ತಾರೆ. ಸಲ್ಲಿಕೆಯ ದಿನಾಂಕಕ್ಕೂ ಅಂಗೀಕಾರದ ದಿನಾಂಕಕ್ಕೂ ಇರುವ ಅಂತರ ಸಾಮಾನ್ಯವಾಗಿ ಲೇಖನದ ಮೊದಲ ಪುಟದಲ್ಲೇ ಕಾಣುತ್ತದೆ. ಹೆಸರುವಾಸಿ ಜರ್ನಲಿನ ಹೆಸರು, ಅದರ ಗುರುತು ಸಂಖ್ಯೆಯಾದ ಐಎಸ್‌ಎಸ್‌ಎನ್ ಎರಡನ್ನೂ ಕದ್ದು ನಕಲಿ ಜಾಲತಾಣ ನಡೆಸುವವರೂ ಇದ್ದಾರೆ, ಆದ್ದರಿಂದ ಐಎಸ್‌ಎಸ್‌ಎನ್ ಹೊಂದಿತು ಎಂದ ಮಾತ್ರಕ್ಕೆ ನಿಶ್ಚಿಂತರಾಗುವಂತಿಲ್ಲ. ಪ್ರಕಾಶಕರ ಮುಖ್ಯ ತಾಣದಿಂದ ಒಳಹೊಕ್ಕು ನಿಮ್ಮ ಲೇಖನ ಅಲ್ಲಿ ಸಿಗುತ್ತದೆಯೇ ಎಂದು ನೋಡಬೇಕು.

ಸಲ್ಲಿಸುವ ಮೊದಲು ಅರ್ಜಿಯ ಮುನ್ನೋಟ ತೆರೆದು, ಏರಿಸಿದ ಫೈಲನ್ನು ನಿಮ್ಮ ಕಂಪ್ಯೂಟರಿನಿಂದ ತೆರೆಯದೆ ಅಲ್ಲಿಂದಲೇ ಮತ್ತೆ ಇಳಿಸಿಕೊಂಡು ಓದಿ. ಹಳೆಯ ಕರಡು ಏರಿಹೋಗಿದ್ದರೆ ತಿಳಿಯುವುದು ಆಗಲೇ. ಕಾಲಂಗಳು ಸಾದಾ ಅಕ್ಷರಗಳನ್ನು ಮಾತ್ರ ಉಳಿಸಿಕೊಳ್ಳುವುದರಿಂದ ಜೀವಿಗಳ ವೈಜ್ಞಾನಿಕ ಹೆಸರಿನ ಓರೆ ಅಕ್ಷರ, ರಾಸಾಯನಿಕ ಸೂತ್ರದ ಕೆಳಗಿನ ಅಂಕೆ ಎಲ್ಲವೂ ನೆಟ್ಟಗಾಗಿರುತ್ತವೆ, ಅದಕ್ಕೆ ಚಿಂತೆ ಬೇಡ. ಉದ್ದದ ಶೀರ್ಷಿಕೆ ಅಕ್ಷರಮಿತಿಗೆ ಸಿಕ್ಕಿ ಅರ್ಧಕ್ಕೆ ಕತ್ತರಿಸಿಹೋಗಿದ್ದರೆ ಮಾತ್ರ ಸರಿಪಡಿಸಿ.

ಅರ್ಜಿ ಸಲ್ಲಿಸಿದ ಮೇಲೆ ಲೇಖನ ಅಂಗೀಕೃತವಾದರೆ ಎರಡನೆಯ ಅರ್ಜಿ ಹಾಕಬೇಡಿ. ಅರ್ಜಿ ಸಂಖ್ಯೆ ನಮೂದಿಸಿ, ಯಾವ ಸಾಲಿನ ಸ್ಥಿತಿ ಏನಾಗಿದೆ ಎಂದು ಎರಡು ವಾಕ್ಯದಲ್ಲಿ ಪ್ರವೇಶ ಕಚೇರಿಗೆ ಬರೆದು, ಅಂಗೀಕಾರ ಪತ್ರವನ್ನು ಲಗತ್ತಿಸಿ. ತಿದ್ದುಪಡಿಗೆ ಅವಕಾಶವಿಲ್ಲ ಎಂದು ಉತ್ತರ ಬಂದರೆ ಆ ಪತ್ರವನ್ನು ಸಂದರ್ಶನಕ್ಕೆ ಒಯ್ಯಬಹುದು.